ಹತ್ತನೆಯವರು ಬಂದ ದಿನ: ನಮ್ಮ ಹೊಲಿಗೆ ಘಟಕದ ಇಎಸ್‌ಐ ಮತ್ತು ವೃತ್ತಿ ತೆರಿಗೆ ಕಥೆ

ಬೆಂಗಳೂರಿನ ಲಗ್ಗೆರೆಯಲ್ಲಿ ನನ್ನದೊಂದು ಸಣ್ಣ ಹೊಲಿಗೆ ಘಟಕ ಇದೆ. ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತೇವೆ. ಮಾರ್ಚ್‌ನಿಂದ ಜುಲೈವರೆಗೆ ಉಸಿರಾಡಲೂ ಬಿಡುವಿರುವುದಿಲ್ಲ. ಆಮೇಲೆ ನಿಧಾನ. 2024ರ ಜೂನ್‌ನಲ್ಲಿ, ಶಾಲೆಗಳು ಶುರುವಾಗಿ ಎಲ್ಲರೂ "ನಮ್ಮದು ಮೊದಲು ಕೊಡಿ" ಎನ್ನುತ್ತಿದ್ದಾಗ, ಇನ್ನೊಬ್ಬ ಟೈಲರ್‌ರನ್ನು ಸೇರಿಸಿಕೊಂಡೆ. ಜೂನ್ 3, ಸೋಮವಾರ. ಆ ಒಂದು ಸೇರ್ಪಡೆಯಿಂದ ನಾನು ಇನ್ನೊಂದು ಕಾನೂನಿನ ಒಳಗೆ ಬಂದಿದ್ದೆ. ಅದು ನನಗೆ ಗೊತ್ತಾಗಿದ್ದು ಆಗಸ್ಟ್‌ನಲ್ಲಿ.

ಆಗ ನಮ್ಮಲ್ಲಿ ಇದ್ದವರು ಇಷ್ಟು. ಏಳು ಜನ ಟೈಲರ್‌ಗಳು, ತಲಾ 16,000 ಸಂಬಳ. ಇಸ್ತ್ರಿ, ಪ್ಯಾಕಿಂಗ್ ನೋಡಿಕೊಳ್ಳುವ ಹೆಲ್ಪರ್ ಒಬ್ಬರು, 14,500. ಕಟ್ಟಿಂಗ್ ಮಾಸ್ಟರ್, 20,500. ಇಡೀ ಘಟಕ ನಡೆಸುವ ಸೂಪರ್‌ವೈಸರ್ ಅಕ್ಕ, 26,000. ಒಟ್ಟು ಹತ್ತು ಜನ.

10 ಜನ ಆದರೆ ಕೆಲಸಗಾರರ ಚಿಕಿತ್ಸೆ, ಭತ್ಯೆ ನೋಡಿಕೊಳ್ಳುವ ಸರ್ಕಾರಿ ವಿಮೆ ಇಎಸ್‌ಐ ಬರುತ್ತದೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ತಪ್ಪು ಮಾಡಿದ್ದು ಎಣಿಕೆಯಲ್ಲಿ. ಇಎಸ್‌ಐಗೆ ಸಂಬಳದ ಮಿತಿ 21,000 ಅಲ್ವಾ, ಸೂಪರ್‌ವೈಸರ್ ಅಕ್ಕ ಅದಕ್ಕಿಂತ ಮೇಲೆ, ಹಾಗಾಗಿ ಅವರನ್ನು ಬಿಟ್ಟು ನಮ್ಮದು ಒಂಬತ್ತೇ ಎಂದುಕೊಂಡೆ. ಇದು ನನ್ನೊಬ್ಬಳ ತಪ್ಪಲ್ಲ. ಆಮೇಲೆ ನನ್ನಂಥ ನಾಲ್ಕೈದು ಜನ ಮಾಲೀಕರನ್ನು ಕೇಳಿದಾಗ ಅವರಲ್ಲಿ ಇಬ್ಬರು ಹೀಗೇ ಎಣಿಸುತ್ತಿದ್ದರು.

ಸರಿಯಾದ ಲೆಕ್ಕದಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಮೊದಲನೆಯದು, ಈ ಜಾಗಕ್ಕೆ ಇಎಸ್‌ಐ ಅನ್ವಯಿಸುತ್ತದೆಯೇ? ಅದಕ್ಕೆ ಸಂಬಳ ತೆಗೆದುಕೊಂಡು ಕೆಲಸ ಮಾಡುವ ಎಲ್ಲರನ್ನೂ ಎಣಿಸಬೇಕು, 21,000 ದಾಟಿದವರನ್ನೂ ಸೇರಿಸಿ. ಎರಡನೆಯದು, ಇವರಲ್ಲಿ ಯಾರ ಹೆಸರಿನಲ್ಲಿ ವಂತಿಗೆ ಕಟ್ಟಬೇಕು? ಅಲ್ಲಿ ಮಾತ್ರ 21,000ದ ಮಿತಿ ಬರುತ್ತದೆ. ಅಂಗವಿಕಲರಾದರೆ ಆ ಮಿತಿ 25,000. ನಾನು ಎರಡನೇ ಪ್ರಶ್ನೆಯ ಉತ್ತರವನ್ನು ಮೊದಲನೆಯದಕ್ಕೆ ಹಾಕಿದ್ದೆ. ನಮ್ಮ ಘಟಕ ಹತ್ತು ಜನರ ಘಟಕ, ವಂತಿಗೆ ಕಟ್ಟಬೇಕಾದವರು ಒಂಬತ್ತು.

ಇದು ಹೊರಗೆ ಬಂದದ್ದು ಒಂದು ಗಾಯದಿಂದ. ಜುಲೈನಲ್ಲಿ ಒಬ್ಬ ಟೈಲರ್‌ರ ಬೆರಳಿಗೆ ಮೆಷಿನ್ ಸೂಜಿ ಹೊಕ್ಕಿ ಮುರಿಯಿತು. ತುದಿ ಒಳಗೇ ಉಳಿಯಿತು. ಹತ್ತಿರದ ಖಾಸಗಿ ನರ್ಸಿಂಗ್ ಹೋಮ್‌ಗೆ ಕರೆದುಕೊಂಡು ಹೋದೆ. ಎಕ್ಸ್‌ರೇ, ಸಣ್ಣ ಆಪರೇಷನ್, ಇಂಜೆಕ್ಷನ್, ಎಲ್ಲ ಸೇರಿ 6,800 ರೂಪಾಯಿ. ಅವರು ಎಂಟು ದಿನ ಕೆಲಸಕ್ಕೆ ಬರಲಿಲ್ಲ. ಆ ದಿನಗಳ ಸಂಬಳವನ್ನೂ ಕೊಟ್ಟೆ, ಕೊಡದೇ ಇರಲು ಮನಸ್ಸು ಬರಲಿಲ್ಲ. ಬ್ಯಾಂಡೇಜ್ ಕಟ್ಟಿದ ಕೈ ಹಿಡಿದುಕೊಂಡು ಅವರು ಕೇಳಿದರು, "ಅಕ್ಕಾ, ನಾನು ಹಿಂದೆ ಇದ್ದ ಗಾರ್ಮೆಂಟ್ಸ್‌ನಲ್ಲಿ ಇಎಸ್‌ಐ ಇತ್ತು. ರಾಜಾಜಿನಗರ ಆಸ್ಪತ್ರೆಗೆ ಹೋಗ್ತಿದ್ವಿ. ಇಲ್ಲಿ ಇಲ್ವಾ?"

ಇಲ್ಲ, ನಾವು ಒಂಬತ್ತೇ ಜನ ಅಂದೆ. ಆದರೆ ಆ ಪ್ರಶ್ನೆ ತಲೆಯಲ್ಲಿ ಉಳಿಯಿತು. ಆಗಸ್ಟ್ ಮೊದಲ ವಾರ ಆಡಿಟರ್ ಬಳಿ ಹೋದಾಗ ಕೇಳಿದೆ. ಅವರು ಸಂಬಳದ ಪಟ್ಟಿ ನೋಡಿ ಬೆರಳಿಟ್ಟು ಎಣಿಸಿದರು. "ಮೇಡಂ, ಇದು ಹತ್ತು. ಜೂನ್ 3ಕ್ಕೇ ನೀವು ಒಳಗೆ ಬಂದಿದ್ದೀರಿ. ಅಲ್ಲಿಂದ 15 ದಿನದೊಳಗೆ ನೋಂದಣಿ ಆಗಬೇಕಿತ್ತು." ಪಟ್ಟಿಯಲ್ಲಿ ಇನ್ನೊಂದು ಸಾಲಿನ ಮೇಲೆ ಬೆರಳಿಟ್ಟು ಕೇಳಿದರು, "ಈ 26,000ದವರ ಪಿ.ಟಿ. ಎಲ್ಲಿ ಕಟ್ಟುತ್ತಿದ್ದೀರಿ?"

ಅದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದು ಕ್ಷಣ ಇದೆ ಅಂದುಕೊಂಡೆ, ಯಾಕೆಂದರೆ ಪಿ.ಟಿ., ಅಂದರೆ ವೃತ್ತಿ ತೆರಿಗೆ ಅಂತ ಪ್ರತಿ ವರ್ಷ 2,500 ಕಟ್ಟುತ್ತಿದ್ದೆ.

ಮೊದಲು ಆ ವಿಷಯ ಹೇಳಿಬಿಡುತ್ತೇನೆ, ಅದು ಸುಲಭ. ಕರ್ನಾಟಕದಲ್ಲಿ ವೃತ್ತಿ ತೆರಿಗೆ ಎರಡು ಬಗೆಯಲ್ಲಿ ಬರುತ್ತದೆ. ಒಂದು ನನ್ನದೇ ತೆರಿಗೆ, ವ್ಯಾಪಾರ ಮಾಡುವವಳಾಗಿ. ಅದಕ್ಕೆ ಎನ್ರೋಲ್‌ಮೆಂಟ್ ಸರ್ಟಿಫಿಕೇಟ್, ಎಲ್ಲರೂ ಇ.ಸಿ. ಅನ್ನುತ್ತಾರೆ. ನನಗೆ ವರ್ಷಕ್ಕೆ 2,500, ಏಪ್ರಿಲ್ 30ರ ಒಳಗೆ. ಇನ್ನೊಂದು ನನ್ನ ಕೆಲಸಗಾರರ ತೆರಿಗೆ. ಅದನ್ನು ಅವರ ಸಂಬಳದಲ್ಲಿ ಹಿಡಿದು ನಾನು ಸರ್ಕಾರಕ್ಕೆ ಕಟ್ಟಬೇಕು. ಅದಕ್ಕೆ ಬೇಕಾದದ್ದು ರಿಜಿಸ್ಟ್ರೇಷನ್ ಸರ್ಟಿಫಿಕೇಟ್, ಅಂದರೆ ಆರ್.ಸಿ. ಎರಡಕ್ಕೂ ನಂಬರ್ ಬೇರೆ, ಕಟ್ಟುವ ದಿನ ಬೇರೆ. ನನ್ನ ಹತ್ತಿರ ಇ.ಸಿ. ಇತ್ತು, ಆರ್.ಸಿ. ಇರಲಿಲ್ಲ. ಆದರೂ ಎಲ್ಲ ಸರಿಯಿದೆ ಅಂದುಕೊಂಡು ಕೂತಿದ್ದೆ.

ತಿಂಗಳಿಗೆ 25,000ಕ್ಕಿಂತ ಕಡಿಮೆ ಸಂಬಳದವರಿಗೆ ಈ ತೆರಿಗೆ ಇಲ್ಲ. 2023ರ ಏಪ್ರಿಲ್‌ನಿಂದ ಹೀಗಿದೆ. 25,000 ಮತ್ತು ಮೇಲ್ಪಟ್ಟವರಿಗೆ 2024ರಲ್ಲಿ ತಿಂಗಳಿಗೆ 200 ಇತ್ತು. ಮುಂದಿನ ತಿಂಗಳ 20ರ ಒಳಗೆ ಕಟ್ಟಬೇಕು. ವರ್ಷ ಮುಗಿದ ಮೇಲೆ 60 ದಿನದೊಳಗೆ, ಅಂದರೆ ಮೇ 30ರ ಹೊತ್ತಿಗೆ ಫಾರಂ 5ರಲ್ಲಿ ಒಂದು ವಾರ್ಷಿಕ ಲೆಕ್ಕ ಕೊಡಬೇಕು. ಸೂಪರ್‌ವೈಸರ್ ಅಕ್ಕನ ಸಂಬಳ 26,000 ಆದದ್ದು 2024ರ ಏಪ್ರಿಲ್‌ನಲ್ಲಿ. ಅವತ್ತಿನಿಂದ 30 ದಿನದೊಳಗೆ ಆರ್.ಸಿ. ತೆಗೆದುಕೊಳ್ಳಬೇಕಿತ್ತು.

ಅರ್ಜಿ ಹಾಕುವುದು ವಾಣಿಜ್ಯ ತೆರಿಗೆ ಇಲಾಖೆಯ `pt.kar.nic.in` ತಾಣದಲ್ಲಿ. ಪ್ಯಾನ್, ಬಾಡಿಗೆ ಕರಾರು, ಬ್ಯಾಂಕ್ ವಿವರ, ಕೆಲಸಗಾರರ ಸಂಖ್ಯೆ ಮತ್ತು ಸಂಬಳ ಇಷ್ಟಿದ್ದರೆ ಆಯಿತು. ನಾನು ತಡವರಿಸಿದ್ದು ವಿಳಾಸದಲ್ಲಿ ಮಾತ್ರ. ಬಾಡಿಗೆ ಕರಾರಿನಲ್ಲಿ ಹಳೆಯ ಡೋರ್ ನಂಬರ್ ಇತ್ತು, ಜಿಎಸ್‌ಟಿಯಲ್ಲಿ ಹೊಸದು. ಮಾಲೀಕರಿಂದ ಹೊಸ ಕರಾರು ಮಾಡಿಸಿಕೊಂಡು ಬಂದು ಮತ್ತೆ ಹಾಕಿದೆ. ಆರ್.ಸಿ. ಬಂತು. ಆಗಸ್ಟ್ 19ಕ್ಕೆ ಬಾಕಿ ಎಲ್ಲ ಕಟ್ಟಿದೆ. ಏಪ್ರಿಲ್, ಮೇ, ಜೂನ್, ಜುಲೈಗೆ ಸೂಪರ್‌ವೈಸರ್ ಅಕ್ಕನ ಹೆಸರಲ್ಲಿ ತಲಾ 200. ಜೂನ್ ತಿಂಗಳಿಗೆ ಮಾಸ್ಟರ್ ಹೆಸರಲ್ಲೂ 200, ಅದು ಯಾಕೆ ಎಂದು ಮುಂದೆ ಹೇಳುತ್ತೇನೆ. ಒಟ್ಟು 1,000. ತಡವಾದದ್ದಕ್ಕೆ ಬಡ್ಡಿ ತಿಂಗಳಿಗೆ 1.25 ಪರ್ಸೆಂಟ್, ತಿಂಗಳ ತುಣುಕನ್ನೂ ಪೂರ್ತಿ ತಿಂಗಳೆಂದೇ ಹಿಡಿಯುತ್ತಾರೆ. ನನ್ನ ಬಡ್ಡಿ 18 ರೂಪಾಯಿ ದಾಟಲಿಲ್ಲ. ಮೊತ್ತ ಸಣ್ಣದು. ಆದರೆ ಇದೇ ತಪ್ಪನ್ನು ಐದು ವರ್ಷ ಬಿಟ್ಟಿದ್ದರೆ ದಂಡ ಬೇರೆ ಸೇರಿಕೊಂಡು ಏನಾಗುತ್ತಿತ್ತು ಎಂದು ಯೋಚಿಸಿ.

ಹಣ ಕಟ್ಟುವಾಗ ಒಂದು ಎಚ್ಚರ. ಅಲ್ಲಿ ಇ.ಸಿ.ಯೋ ಆರ್.ಸಿ.ಯೋ, ಯಾವ ತಿಂಗಳು, ಯಾವ ವರ್ಷ ಎಂದು ಆರಿಸಬೇಕು. ಅವಸರದಲ್ಲಿ ತಪ್ಪು ಆರಿಸಿದರೆ ದುಡ್ಡು ಹೋಗಿರುತ್ತದೆ, ಆದರೆ ಆರ್.ಸಿ. ಲೆಕ್ಕದಲ್ಲಿ ಆ ತಿಂಗಳು ಖಾಲಿ ಕಾಣುತ್ತದೆ. ನಾನು ಪ್ರತಿ ರಸೀದಿಯ ಮೇಲೆ ಪೆನ್ನಿನಲ್ಲಿ ತಿಂಗಳ ಹೆಸರು ಬರೆದು ಸಂಬಳದ ಪಟ್ಟಿಗೇ ಪಿನ್ ಹಾಕಿ ಇಡುತ್ತೇನೆ.

ಇನ್ನು ಇಎಸ್‌ಐ.

ನೋಂದಣಿಯನ್ನು ಶ್ರಮ ಸುವಿಧಾ ತಾಣದ ಮೂಲಕ ಮಾಡಿದೆವು. ಅದಕ್ಕೆ ದುಡ್ಡಿಲ್ಲ. ಅಲ್ಲಿ ಪಿ.ಎಫ್. ಮತ್ತು ಇಎಸ್‌ಐ ಎರಡಕ್ಕೂ ಒಂದೇ ಕಡೆ ಅರ್ಜಿ ಇತ್ತು. ಪಿ.ಎಫ್. ಬರುವುದು 20 ಜನ ಆದಾಗ. ಹಾಗಾಗಿ ಇಎಸ್‌ಐ ಒಂದನ್ನೇ ಗುರುತು ಮಾಡಿದೆವು. ವಿವರ ಎಲ್ಲ ತುಂಬಿ ಕಳಿಸಿದ ಮೇಲೆ 17 ಅಂಕಿಯ ಕೋಡ್ ನಂಬರ್ ಬಂತು. ಅದೇ ನಮ್ಮ ಘಟಕದ ಗುರುತು. ಹತ್ತು ಜನ ಆದ ದಿನಾಂಕ ಎಂದು ಕೇಳಿದ ಕಡೆ ಜೂನ್ 3 ಎಂದೇ ಹಾಕಿದೆ. ಅರ್ಜಿ ಹಾಕಿದ ದಿನವನ್ನೇ ಹಾಕಿಬಿಡಿ ಎಂದು ಒಬ್ಬರು ಸಲಹೆ ಕೊಟ್ಟಿದ್ದರು. ಸಂಬಳದ ಪುಸ್ತಕದಲ್ಲಿ, ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಜೂನ್‌ನಿಂದಲೇ ಹತ್ತು ಹೆಸರು ಇರುವಾಗ ಆ ಸುಳ್ಳು ಎಷ್ಟು ದಿನ ನಿಲ್ಲುತ್ತದೆ?

ಕೋಡ್ ಬಂದ ಮೇಲೆ ಕೆಲಸಗಾರರನ್ನು ಒಬ್ಬೊಬ್ಬರಾಗಿ ಸೇರಿಸಬೇಕು. ಪ್ರತಿಯೊಬ್ಬರಿಗೂ 10 ಅಂಕಿಯ ವಿಮಾ ಸಂಖ್ಯೆ ಬರುತ್ತದೆ, ಐ.ಪಿ. ನಂಬರ್ ಅನ್ನುತ್ತಾರೆ. ಆಧಾರ್, ಬ್ಯಾಂಕ್ ಖಾತೆ, ಮನೆಯವರ ಹೆಸರು ಮತ್ತು ಹುಟ್ಟಿದ ದಿನ, ಮನೆಗೆ ಹತ್ತಿರದ ಇಎಸ್‌ಐ ಡಿಸ್ಪೆನ್ಸರಿ, ಇವನ್ನು ಕೊಡಬೇಕು. ಇಲ್ಲೇ ನಾನು ದೊಡ್ಡ ತಪ್ಪು ಮಾಡುವವಳಿದ್ದೆ.

ನಮ್ಮ ಏಳು ಟೈಲರ್‌ಗಳಲ್ಲಿ ಐದು ಜನ ಮೊದಲು ಪೀಣ್ಯ ಕಡೆಯ ಗಾರ್ಮೆಂಟ್ಸ್‌ಗಳಲ್ಲಿ ಇದ್ದವರು. ಬೆಂಗಳೂರಿನ ಹೊಲಿಗೆ ಕೆಲಸದವರಲ್ಲಿ ಇದು ತೀರಾ ಸಾಮಾನ್ಯ. ಅಂದರೆ ಅವರಿಗೆ ಆಗಲೇ ಐ.ಪಿ. ನಂಬರ್ ಇದೆ. ಆ ಹಳೆಯ ನಂಬರನ್ನೇ ನಮ್ಮ ಕೋಡಿಗೆ ಸೇರಿಸಬೇಕು, ಹೊಸದು ಮಾಡಿಸಬಾರದು. ನಾನು ಎಲ್ಲರನ್ನೂ ಹೊಸಬರೆಂದು ತುಂಬಲು ಹೊರಟಿದ್ದೆ, ಅದು ಬೇಗ ಆಗುತ್ತದೆ ಎಂದು. ಆಡಿಟರ್ ತಡೆದರು. ಹಳೆಯ ಕಾರ್ಡ್, ಇಲ್ಲದಿದ್ದರೆ ಹಳೆಯ ಸಂಬಳದ ಚೀಟಿ ತನ್ನಿ ಎಂದು ಎಲ್ಲರಿಗೂ ಹೇಳಿದೆ. ಇಬ್ಬರು ಟ್ರಂಕಿನ ತಳದಿಂದ ಹುಡುಕಿ ತಂದರು.

ಇದು ಯಾಕೆ ಮುಖ್ಯ ಅನ್ನುವುದನ್ನು ಒಬ್ಬರ ಲೆಕ್ಕದಿಂದಲೇ ಹೇಳುತ್ತೇನೆ. ಜೂನ್ 3ಕ್ಕೆ ಸೇರಿದ ಆ ಹತ್ತನೆಯವರು ಬಸುರಿ. ಡಿಸೆಂಬರ್‌ಗೆ ಹೆರಿಗೆ. ಇಎಸ್‌ಐನಲ್ಲಿ ವರ್ಷವನ್ನು ಎರಡು ವಂತಿಗೆ ಅವಧಿಗಳಾಗಿ ಮಾಡಿದ್ದಾರೆ: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಒಂದೊಂದು ಅವಧಿಗೂ ಅದರ ನಂತರ ಬರುವ ಸೌಲಭ್ಯದ ಅವಧಿ ಜೋಡಿಯಾಗಿರುತ್ತದೆ. ಏಪ್ರಿಲ್‌–ಸೆಪ್ಟೆಂಬರ್‌ನಲ್ಲಿ ಕಟ್ಟಿದ್ದಕ್ಕೆ ಮುಂದಿನ ಜನವರಿ–ಜೂನ್. ಅಕ್ಟೋಬರ್‌–ಮಾರ್ಚ್‌ನಲ್ಲಿ ಕಟ್ಟಿದ್ದಕ್ಕೆ ಜುಲೈ–ಡಿಸೆಂಬರ್. ಹೆರಿಗೆ ಭತ್ಯೆಗೆ ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಸೇರಿ ಕನಿಷ್ಠ 70 ದಿನದ ವಂತಿಗೆ ಇರಬೇಕು. ಡಿಸೆಂಬರ್ ಹೆರಿಗೆಗೆ ನೋಡುವುದು 2024ರ ಮಾರ್ಚ್‌ಗೆ ಮುಗಿದ ಅವಧಿ ಮತ್ತು ಅದಕ್ಕೂ ಹಿಂದಿನದು. ನಾನು ಜೂನ್‌ನಿಂದ ಕಟ್ಟಿದ್ದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಅವರನ್ನು ಕಾಯ್ದದ್ದು ಹಳೆಯ ಗಾರ್ಮೆಂಟ್ಸ್‌ನವರು ಕಟ್ಟಿದ ದಿನಗಳು. ಹೊಸ ನಂಬರ್ ಮಾಡಿಸಿಬಿಟ್ಟಿದ್ದರೆ ಆ ದಿನಗಳೆಲ್ಲ ಹಳೆ ನಂಬರಿನಲ್ಲಿ ಒಂಟಿಯಾಗಿ ಬಿದ್ದಿರುತ್ತಿದ್ದವು. ಅವರಿಗೆ 26 ವಾರ ಪೂರ್ತಿ ಸಂಬಳದ ಲೆಕ್ಕದಲ್ಲಿ ಹಣ ಬಂತು. ನನ್ನಿಂದಲ್ಲ, ಇಎಸ್‌ಐನಿಂದ, ನೇರ ಅವರ ಖಾತೆಗೆ. ಏಳು ಟೈಲರ್‌ಗಳ ಘಟಕ ನಡೆಸುವ ನಾನು 26 ವಾರದ ಸಂಬಳ ಕೈಯಿಂದ ಕೊಡಬೇಕಾಗಿದ್ದರೆ ಏನು ಮಾಡುತ್ತಿದ್ದೆನೋ.

ಆಧಾರ್ ಹೆಸರು ಇನ್ನೊಂದು ತಲೆನೋವು. ಹಳೆಯ ಐ.ಪಿ. ನಂಬರಿನಲ್ಲಿ ತವರಿನ ಇನಿಶಿಯಲ್, ಆಧಾರ್‌ನಲ್ಲಿ ಗಂಡನ ಹೆಸರು. ಮೂರು ಜನರದ್ದು ಹೀಗಿತ್ತು. ತಿದ್ದುಪಡಿಗೆ ಓಡಾಡಬೇಕಾಯಿತು. ಕೆಲಸಕ್ಕೆ ಸೇರಿದ ದಿನವೇ ಆಧಾರ್ ಪ್ರತಿ ಮತ್ತು ಹಳೆ ಐ.ಪಿ. ನಂಬರ್ ಇಸಿದುಕೊಳ್ಳುವುದು ಈಗ ನನ್ನ ಅಭ್ಯಾಸ. ಹೊಸಬರನ್ನು ಸೇರಿದ ಹತ್ತು ದಿನದೊಳಗೆ ಪೋರ್ಟಲ್‌ಗೆ ಹಾಕಬೇಕು. ನಾನು ಮೊದಲ ದಿನವೇ ಹಾಕುತ್ತೇನೆ. ಸೂಜಿ ಹತ್ತು ದಿನ ಕಾಯುವುದಿಲ್ಲ.

ಈಗ ದುಡ್ಡಿನ ಲೆಕ್ಕ. 2019ರ ಜುಲೈನಿಂದ ದರ ಒಂದೇ ಇದೆ. ಮಾಲೀಕರ ಪಾಲು ಸಂಬಳದ 3.25 ಪರ್ಸೆಂಟ್, ಕೆಲಸಗಾರರದ್ದು 0.75, ಒಟ್ಟು 4. ಮುಂದಿನ ತಿಂಗಳ 15ರ ಒಳಗೆ ಕಟ್ಟಬೇಕು. ಕೆಲಸಗಾರರ ಪಾಲನ್ನು ಒಬ್ಬೊಬ್ಬರಿಗೂ ಮುಂದಿನ ಪೂರ್ತಿ ರೂಪಾಯಿಗೆ ಏರಿಸುತ್ತಾರೆ.

ನಮ್ಮ ಜೂನ್ ತಿಂಗಳ ಲೆಕ್ಕದಲ್ಲಿ ಮಾಸ್ಟರ್ ಸಂಬಳವೇ ಎಲ್ಲರನ್ನೂ ಗೊಂದಲಕ್ಕೆ ಹಾಕಿತು. ಆ ತಿಂಗಳು ಕಟ್ಟಿಂಗ್ ಬಾಕಿ ಬಿದ್ದು ಅವರು ಭಾನುವಾರವೂ ಬಂದರು, ರಾತ್ರಿಯೂ ಕೂತರು. 20,500ದ ಮೇಲೆ ಓವರ್‌ಟೈಮ್ 4,700. ಕೈಗೆ ಕೊಟ್ಟದ್ದು 25,200. ಹಾಗಾದರೆ ಅವರು 21,000 ದಾಟಿದರು, ಇಎಸ್‌ಐ ಬೇಡ ಎಂದೆ ನಾನು. ಆಡಿಟರ್ ಬಿಡಿಸಿ ಹೇಳಿದರು. ಮಿತಿ ನೋಡುವಾಗ ಓವರ್‌ಟೈಮ್ ಹಿಡಿಯಬಾರದು, ಆದ್ದರಿಂದ ಅವರು 20,500ದವರೇ, ಒಳಗೇ ಇದ್ದಾರೆ. ಆದರೆ ವಂತಿಗೆ ಲೆಕ್ಕ ಹಾಕುವಾಗ ಓವರ್‌ಟೈಮ್ ಸೇರಿಸಬೇಕು. ಅಂದರೆ 25,200ರ ಮೇಲೆ 0.75 ಪರ್ಸೆಂಟ್, 189 ರೂಪಾಯಿ. ಇನ್ನೊಂದು ಕಡೆ ವೃತ್ತಿ ತೆರಿಗೆ ನೋಡುವುದು ಆ ತಿಂಗಳ ಒಟ್ಟು ಸಂಬಳವನ್ನು. ಅದು 25,000 ದಾಟಿದ್ದರಿಂದ ಆ ಒಂದು ತಿಂಗಳಿಗೆ 200 ಅದೂ ಬಂತು. ಜುಲೈನಲ್ಲಿ ಓವರ್‌ಟೈಮ್ ಇಲ್ಲ, ಪಿ.ಟಿ. ಇಲ್ಲ.

ಆ ತಿಂಗಳ ಒಟ್ಟು ಲೆಕ್ಕ ಹೀಗೆ ಬಂತು. ಏಳು ಟೈಲರ್‌ಗಳದ್ದು 1,12,000, ಹೆಲ್ಪರ್ 14,500, ಮಾಸ್ಟರ್ 25,200, ಒಟ್ಟು 1,51,700. ನನ್ನ ಪಾಲು 4,931. ಅವರ ಪಾಲು ಟೈಲರ್‌ಗಳಿಂದ ತಲಾ 120, ಹೆಲ್ಪರ್‌ದು 109, ಮಾಸ್ಟರ್‌ದು 189, ಸೇರಿ 1,138. ಕಟ್ಟಬೇಕಾದದ್ದು 6,069. ಜುಲೈ 15ಕ್ಕೆ ಕಟ್ಟಬೇಕಿದ್ದದ್ದನ್ನು ಆಗಸ್ಟ್ 14ಕ್ಕೆ ಕಟ್ಟಿದೆ. ಬಡ್ಡಿ ವರ್ಷಕ್ಕೆ 12 ಪರ್ಸೆಂಟ್, ಮೂವತ್ತು ದಿನಕ್ಕೆ ಸುಮಾರು 60 ರೂಪಾಯಿ. ಜುಲೈನ 5,881 ರೂಪಾಯಿ ಅವತ್ತೇ ಕಟ್ಟಿದ್ದರಿಂದ ಅದು ಸರಿಯಾದ ಸಮಯಕ್ಕೆ ಹೋಯಿತು.

ಅರವತ್ತು ರೂಪಾಯಿ ನೋಡಿ, ಇಷ್ಟೇನಾ ಎನ್ನಿಸುತ್ತದೆ. ಆದರೆ ತಡ ಮಾಡಿದ್ದರ ಬೆಲೆ ಬಡ್ಡಿಯಲ್ಲಿ ಇರುವುದಿಲ್ಲ. ಜೂನ್, ಜುಲೈ ಎರಡೂ ಸಂಬಳ ನಾನು ಆಗಲೇ ಪೂರ್ತಿ ಕೊಟ್ಟುಬಿಟ್ಟಿದ್ದೆ. ಅವರ ಪಾಲನ್ನು ಆಗಸ್ಟ್ ಸಂಬಳದಲ್ಲಿ ಹಿಡಿಯೋಣ ಅಂದುಕೊಂಡೆ. ಹಾಗೆ ಮಾಡುವಂತಿಲ್ಲ. ಯಾವ ತಿಂಗಳ ವಂತಿಗೆಯೋ ಆ ತಿಂಗಳ ಸಂಬಳದಲ್ಲಿ ಮಾತ್ರ ಹಿಡಿಯಬಹುದು. ಆಮೇಲೆ ಹಿಡಿಯುವುದು ಕಾನೂನಿಗೆ ವಿರುದ್ಧ. ಹಾಗಾಗಿ ಆ ಎರಡು ತಿಂಗಳ 2,241 ರೂಪಾಯಿಯೂ ನನ್ನದೇ ಆಯಿತು. ಅದು ನ್ಯಾಯ ಕೂಡ. ತಪ್ಪು ಎಣಿಸಿದ್ದು ನಾನು, ಅವರಲ್ಲ.

ಇದಕ್ಕಿಂತ ದೊಡ್ಡದು ಆ ಸೂಜಿ ಗಾಯ. ಕೆಲಸದಲ್ಲಿ ಆದ ಗಾಯಕ್ಕೆ ಇಎಸ್‌ಐನಲ್ಲಿ ಇಷ್ಟು ದಿನ ಕಟ್ಟಿರಬೇಕು ಅಂತ ಷರತ್ತಿಲ್ಲ. ಸೇರಿದ ಮೊದಲ ದಿನದಿಂದಲೇ ಚಿಕಿತ್ಸೆ ಉಂಟು. ಕೆಲಸಕ್ಕೆ ಬರಲಾಗದ ದಿನಗಳಿಗೆ ಸಂಬಳದ 90 ಪರ್ಸೆಂಟ್ ಲೆಕ್ಕದಲ್ಲಿ ಭತ್ಯೆ ಉಂಟು. ನಾನು ಜೂನ್‌ನಲ್ಲೇ ನೋಂದಾಯಿಸಿ, ಗಾಯ ಆದಾಗ ಅಪಘಾತದ ವರದಿ ಕಳಿಸಿದ್ದರೆ 6,800 ಬಿಲ್ಲೂ ಉಳಿಯುತ್ತಿತ್ತು, ಅವರು ಮನೆಯಲ್ಲಿ ಕೂತ ದಿನಗಳೂ ನಡೆಯುತ್ತಿದ್ದವು. ಬೆರಳಿಗೆ ಬದಲು ಕಣ್ಣಿಗೆ ಸೂಜಿ ಚುಚ್ಚಿದ್ದರೆ? ಮಾಲೀಕರು ವಂತಿಗೆ ಕಟ್ಟದೇ ಕೆಲಸಗಾರರಿಗೆ ಸೌಲಭ್ಯ ತಪ್ಪಿದರೆ ಅದರ ಬೆಲೆಯನ್ನು ಮಾಲೀಕರಿಂದಲೇ ವಸೂಲಿ ಮಾಡುವ ಅಧಿಕಾರ ಇಎಸ್‌ಐ ನಿಗಮಕ್ಕೆ ಇದೆ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ತಿಂಗಳ ಕೆಲಸ ಈಗ ಅರ್ಧ ಗಂಟೆಯದ್ದು. ಪೋರ್ಟಲ್‌ನಲ್ಲಿ ಒಬ್ಬೊಬ್ಬರ ಮುಂದೆ ಎಷ್ಟು ದಿನ, ಎಷ್ಟು ಸಂಬಳ ಎಂದು ತುಂಬಿ, ಚಲನ್ ತೆಗೆದು ಆನ್‌ಲೈನಿನಲ್ಲಿ ಕಟ್ಟುವುದು. ಯಾರಿಗಾದರೂ ಸೊನ್ನೆ ದಿನ ಬಂದರೆ ಕಾರಣ ಆರಿಸಬೇಕು. ಇದನ್ನು ಗಮನವಿಟ್ಟು ಮಾಡಿ. ಹೆರಿಗೆ ರಜೆಯಲ್ಲಿ ಇರುವವರಿಗೆ ತಪ್ಪಿ ಕೆಲಸ ಬಿಟ್ಟಿದ್ದಾರೆ ಎಂದು ಹಾಕಿದರೆ ಅವರು ಆಸ್ಪತ್ರೆಯಲ್ಲಿ ಪರದಾಡಬೇಕಾಗುತ್ತದೆ. ದಿನಗಳ ಸಂಖ್ಯೆಯೂ ಸುಮ್ನೆ ತುಂಬುವ ಖಾನೆಯಲ್ಲ. ಕಾಯಿಲೆ ಭತ್ಯೆಗೆ ಆರು ತಿಂಗಳಲ್ಲಿ 78 ದಿನ ಬೇಕು. ಬಂದ ದಿನ 26 ಇದ್ದು ನೀವು 20 ಬರೆದರೆ ಅವರ ಆರು ದಿನ ಹೋಯಿತು.

ಅಕ್ಟೋಬರ್ ಹೊತ್ತಿಗೆ ಇನ್ನೊಂದು ಪ್ರಶ್ನೆ ಬಂತು. ಮಾಸ್ಟರ್‌ಗೆ 21,500 ಮಾಡಬೇಕೆಂದಿದ್ದೆ. ಹೇಳಿದಾಗ ಅವರ ಮುಖ ಅರಳಲಿಲ್ಲ. "ಅಕ್ಕಾ, 21,000ಕ್ಕೇ ನಿಲ್ಲಿಸಿ. ನಮ್ಮನೆಯವರ ಥೈರಾಯ್ಡ್ ಮಾತ್ರೆ, ಸ್ಕ್ಯಾನು ಎಲ್ಲ ಇಎಸ್‌ಐನಲ್ಲೇ ನಡೀತಿದೆ" ಅಂದರು. ಐನೂರು ರೂಪಾಯಿ ಜಾಸ್ತಿ ಕೊಟ್ಟರೆ ಅವರ ಮನೆಯವರ ಚಿಕಿತ್ಸೆಯೇ ಹೋಗುತ್ತದೆ. ಸಂಬಳ 21,000 ದಾಟಿ 25,000 ಮುಟ್ಟುವವರೆಗೆ ಇಎಸ್‌ಐಯೂ ಇಲ್ಲ, ಪಿ.ಟಿ.ಯೂ ಇಲ್ಲ. ಪಿ.ಟಿ. ಇಲ್ಲದ್ದು ಲಾಭ ಅನ್ನಿಸಬಹುದು. ಆದರೆ ತಿಂಗಳಿಗೆ ನೂರೈವತ್ತು ರೂಪಾಯಿಗೆ ಇಡೀ ಸಂಸಾರಕ್ಕೆ ಸಿಗುತ್ತಿದ್ದ ಆಸ್ಪತ್ರೆ ತಪ್ಪುವುದು ನಿಜವಾದ ನಷ್ಟ. ಈ ಮಿತಿ 2017ರ ಜನವರಿಯಿಂದ ಅಲ್ಲೇ ನಿಂತಿದೆ. ಈಚೆಗೆ ಬೆಂಗಳೂರಿನಲ್ಲಿ ಒಬ್ಬ ಒಳ್ಳೆಯ ಮಾಸ್ಟರ್‌ಗೆ 21,000 ಜಾಸ್ತಿ ಸಂಬಳವೇ ಅಲ್ಲ. ಅದನ್ನು ಏರಿಸಲೇಬೇಕು ಎಂದು ನಾನು ಮನಸಾರೆ ನಂಬುತ್ತೇನೆ.

ಆದರೆ ಸಂಬಳ ಏರಿಸದೇ ಕೂರುವುದೂ ಸರಿಯಲ್ಲ. ನಿಯಮದಲ್ಲಿ ಒಂದು ದಾರಿ ಇದೆ. ವಂತಿಗೆ ಅವಧಿ ಶುರುವಾದ ಮೇಲೆ ಸಂಬಳ 21,000 ದಾಟಿದರೆ ಆ ಅವಧಿ ಮುಗಿಯುವವರೆಗೆ ಅವರು ಒಳಗೇ ಇರುತ್ತಾರೆ, ಪೂರ್ತಿ ಸಂಬಳದ ಮೇಲೆ ವಂತಿಗೆ ಕಟ್ಟಬೇಕು. ಅಕ್ಟೋಬರ್ 1ರಿಂದ ಏರಿಸಿದ್ದರೆ ಅವತ್ತೇ ಹೊರಗೆ. ನವೆಂಬರ್ 1ರಿಂದ ಏರಿಸಿದೆ. ಹಾಗಾಗಿ 2025ರ ಮಾರ್ಚ್ 31ರವರೆಗೆ ಒಳಗಿದ್ದರು, 21,500ರ ಮೇಲೆ ಅವರ ಪಾಲು ತಿಂಗಳಿಗೆ 162. ಆ ಅವಧಿಯ ವಂತಿಗೆಯ ಬಲದ ಮೇಲೆ 2025ರ ಡಿಸೆಂಬರ್‌ವರೆಗೆ ಸೌಲಭ್ಯ ಸಿಕ್ಕಿತು. ಸಂಬಳ ಏರಿದ ಮೇಲೂ ಹೀಗೆ ಒಂದು ವರ್ಷದ ಮೇಲೆ ಸಮಯ ಸಿಕ್ಕಿತು. ಅಕ್ಟೋಬರ್ ಒಂದು ತಿಂಗಳಿಗೆ ಏರಿಕೆ ತಪ್ಪಿದ 1,000ವನ್ನು ದೀಪಾವಳಿಗೆ ಬೋನಸ್ ಜೊತೆ ಸೇರಿಸಿ ಕೊಟ್ಟೆ. 2025ರ ಡಿಸೆಂಬರ್‌ನಲ್ಲಿ ಅವರ ಕುಟುಂಬಕ್ಕೆ ಖಾಸಗಿ ಆರೋಗ್ಯ ವಿಮೆ ಮಾಡಿಸಿದೆವು, ಅರ್ಧ ದುಡ್ಡು ಘಟಕದ್ದು.

2024ರ ಡಿಸೆಂಬರ್‌ನಲ್ಲಿ ಇಬ್ಬರು ಟೈಲರ್‌ಗಳು ಊರಿಗೆ ಹೋದವರು ಬರಲಿಲ್ಲ. ಎಂಟು ಜನ ಉಳಿದೆವು. ಹತ್ತಕ್ಕಿಂತ ಕಡಿಮೆ ಆಯಿತಲ್ಲ, ಇನ್ನು ಕಟ್ಟಬೇಕಾಗಿಲ್ಲವೇನೋ ಎಂದು ನನ್ನ ಪಕ್ಕದ ಘಟಕದವರು ಹೇಳಿದರು. ಹಾಗಲ್ಲ. ಒಮ್ಮೆ ಒಳಗೆ ಬಂದ ಘಟಕ ಜನ ಕಡಿಮೆಯಾದರೂ ಒಳಗೇ ಇರುತ್ತದೆ. ನಿಲ್ಲಿಸಿದ್ದರೆ ಬಾಕಿ ಬೆಳೆಯುತ್ತಿತ್ತು.

ನನ್ನ ಓವರ್‌ಟೈಮ್ ಲೆಕ್ಕವನ್ನು ಹಾಗೇ ನಕಲು ಮಾಡಬೇಡಿ. ಅದು 2024ರದ್ದು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. ಅದರಲ್ಲಿ ವೇತನ ಎಂದರೇನು ಎನ್ನುವುದೇ ಬದಲಾಗಿದೆ. ಓವರ್‌ಟೈಮ್ ಭತ್ಯೆ ಅದರ ಹೊರಗೆ. ಮನೆ ಬಾಡಿಗೆ, ಓಡಾಟದ ಭತ್ಯೆಗಳೂ ಹೊರಗೆ, ಆದರೆ ಅಂಥವೆಲ್ಲ ಸೇರಿ ಒಟ್ಟು ಸಂಬಳದ ಅರ್ಧ ದಾಟಿದರೆ ದಾಟಿದಷ್ಟನ್ನು ವೇತನಕ್ಕೇ ಸೇರಿಸಬೇಕು. ನಮ್ಮಲ್ಲಿ ಸಂಬಳ ಒಂದೇ ಸಾಲಿನಲ್ಲಿ ಇರುವುದರಿಂದ ದೊಡ್ಡ ವ್ಯತ್ಯಾಸ ಆಗಲಿಲ್ಲ. ಭತ್ಯೆಗಳನ್ನು ತುಂಡು ತುಂಡು ಮಾಡಿ ಕೊಡುವವರು ಆಡಿಟರ್ ಜೊತೆ ಕೂತು ಪಟ್ಟಿಯನ್ನು ಹೊಸದಾಗಿ ನೋಡಲೇಬೇಕು.

ವೃತ್ತಿ ತೆರಿಗೆಯಲ್ಲೂ ಒಂದು ಬದಲಾವಣೆ ಬಂದಿದೆ. 2025ರ ಏಪ್ರಿಲ್‌ನಿಂದ ಹನ್ನೊಂದು ತಿಂಗಳು 200, ಫೆಬ್ರವರಿಯಲ್ಲಿ ಮಾತ್ರ 300. ಸಂವಿಧಾನದಲ್ಲಿ ಈ ತೆರಿಗೆಗೆ ಒಬ್ಬರಿಂದ ವರ್ಷಕ್ಕೆ 2,500ರ ಮಿತಿ ಇದೆ. 200ರಂತೆ ಹನ್ನೆರಡು ತಿಂಗಳಿಗೆ 2,400 ಆಗುತ್ತಿತ್ತು. ಉಳಿದ ನೂರನ್ನು ಫೆಬ್ರವರಿಗೆ ಸೇರಿಸಿದ್ದಾರೆ.

2026ರ ಫೆಬ್ರವರಿ ಸಂಬಳದ ಚೀಟಿ ಕೊಟ್ಟಾಗ ಸೂಪರ್‌ವೈಸರ್ ಅಕ್ಕ ಅದನ್ನು ಎರಡು ಸಲ ನೋಡಿದರು. "ಈ ಸಲ ಮುನ್ನೂರು ಹಿಡಿದಿದ್ದೀರಲ್ಲ ಮೇಡಂ?" ಕ್ಯಾಲೆಂಡರ್ ತೋರಿಸಿ ವಿವರಿಸಿದೆ. ಕಟ್ಟಿಂಗ್ ಟೇಬಲ್ ಪಕ್ಕ ತೂಗು ಹಾಕಿರುವ ಆ ಕ್ಯಾಲೆಂಡರ್‌ನಲ್ಲಿ ಪ್ರತಿ ತಿಂಗಳ 15 ಮತ್ತು 20ಕ್ಕೆ ಕೆಂಪು ಸುತ್ತು ಹಾಕಿದ್ದೇನೆ. ಅವರು ಪೆನ್ ತೆಗೆದುಕೊಂಡು ಏಪ್ರಿಲ್ 30ಕ್ಕೂ ಮೇ 30ಕ್ಕೂ ಒಂದೊಂದು ಸುತ್ತು ಹಾಕಿ, "ನಿಮ್ಮ ಇ.ಸಿ.ದು, ಆಮೇಲೆ ವರ್ಷದ ಲೆಕ್ಕದ್ದು" ಎಂದು ಹೇಳಿ ಮೆಷಿನ್ ಕಡೆ ಹೋದರು.